ಗೋಡೆ ಎಷ್ಟು ದಪ್ಪ?

ಕೇರಳದ ಚವರದ ಕಡಲತೀರದಲ್ಲಿ ಹೇರಳವಾಗಿ, ನಮ್ಮ ಉಳ್ಳಾಲದ ಮರಳಿನಲ್ಲಿ ಅಲ್ಲಲ್ಲಿ ಸಿಗುವ ಮೊನಜೈಟ್ ಎಂಬ ಖನಿಜದಲ್ಲಿ ಥೋರಿಯಂ ಇದೆ. ಥೋರಿಯಂನ ಪರಮಾಣು ಎಂದಾದರೊಂದು ದಿನ ತನ್ನ ನ್ಯೂಕ್ಲಿಯಸ್‌ನಿಂದ ಒಂದು ಆಲ್ಫಾ ಕಣವನ್ನು, ಅಂದರೆ ಎರಡು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನ್‌ಗಳ ಗಟ್ಟಿ ಗಂಟನ್ನು, ಹೊರಗೆಸೆದು ಬೇರೆ ಧಾತುವಾಗುತ್ತದೆ. ಆ ದಿನ ಬಹಳ ದೂರ. ಈಗಿರುವ ಥೋರಿಯಂನಲ್ಲಿ ಅರ್ಧದಷ್ಟು ಹೀಗೆ ಬದಲಾಗಲು 1400 ಕೋಟಿ ವರ್ಷ ಬೇಕು. ಭೂಮಿಗೆ 454 ಕೋಟಿ ವರ್ಷ ವಯಸ್ಸಾಗಿದೆ. ಅದು ಹುಟ್ಟಿದಾಗ ಇದ್ದ ಥೋರಿಯಂನಲ್ಲಿ ಐದರಲ್ಲಿ ನಾಲ್ಕು ಪಾಲು ಇನ್ನೂ ಉಳಿದಿದೆ.

ಅದೇ ಮರಳಿನ ಕಾಳಿನೊಳಗೆ, ಅದೇ ಥೋರಿಯಂನ ವಂಶದ ಕೊನೆಯ ತಲೆಮಾರುಗಳಲ್ಲಿ ಪೊಲೋನಿಯಂ-212 ಹುಟ್ಟುತ್ತದೆ. ಅದೂ ಆಲ್ಫಾ ಕಣವನ್ನೇ ಹೊರಗೆಸೆದು ಸೀಸವಾಗುತ್ತದೆ. ಆದರೆ ಅದರ ಅರ್ಧಾಯು 0.3 ಮೈಕ್ರೊಸೆಕೆಂಡ್, ಎಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಒಂದು ಪಾಲಿನ ಮೂರನೆಯ ಒಂದಂಶದಷ್ಟು. ಹೊರಬರುವ ಕಣ ಎರಡರಲ್ಲೂ ಒಂದೇ. ಥೋರಿಯಂ ಬಿಟ್ಟುಕೊಡುವ ಶಕ್ತಿ ಸುಮಾರು 41 ಲಕ್ಷ ಎಲೆಕ್ಟ್ರಾನ್ ವೋಲ್ಟ್, ಪೊಲೋನಿಯಂನದು ಸುಮಾರು 90 ಲಕ್ಷ. ಶಕ್ತಿಯಲ್ಲಿ ವ್ಯತ್ಯಾಸ ಎರಡು ಪಟ್ಟಿಗಿಂತ ಚೂರು ಹೆಚ್ಚು, ಅಷ್ಟೇ. ಕಾಲದಲ್ಲಿ ವ್ಯತ್ಯಾಸ ಒಂದರ ಮುಂದೆ 24 ಸೊನ್ನೆ ಹಾಕಿದಷ್ಟು ಪಟ್ಟು.

ಶಕ್ತಿ ಹೆಚ್ಚಿದ್ದಷ್ಟೂ ಆಯುಷ್ಯ ಕಡಿಮೆ ಎಂಬ ನಂಟನ್ನು ಗೈಗರ್ ಮತ್ತು ನಟಾಲ್ 1911ರಲ್ಲೇ ಗುರುತಿಸಿದ್ದರು. ಹಾಗೇಕೆ ಎಂಬುದು ಮಾತ್ರ ಮುಂದಿನ 17 ವರ್ಷ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. ಯುರೇನಿಯಂ ತಾನಾಗಿಯೇ ಹೊರಬಿಡುವ ಆಲ್ಫಾ ಕಣದ ಶಕ್ತಿ 42 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದರ ಹೆಚ್ಚುಕಡಿಮೆ ಇಮ್ಮಡಿ ಶಕ್ತಿಯ ಆಲ್ಫಾ ಕಣಗಳನ್ನು ಹೊರಗಿನಿಂದ ಯುರೇನಿಯಂನತ್ತ ಹೊಡೆದರೂ ಅವು ಒಳಹೊಗದೆ, ನ್ಯೂಕ್ಲಿಯಸ್‌ನ ಧನ ವಿದ್ಯುತ್ತಿಗೆ ವಿಕರ್ಷಿತವಾಗಿ ಹಿಂದಿರುಗುತ್ತಿದ್ದವು. ಇಮ್ಮಡಿ ಶಕ್ತಿಯಿದ್ದವು ಹೊರಗಿನಿಂದ ದಾಟಲಾಗದ ತಡೆಯನ್ನು ಅರ್ಧ ಶಕ್ತಿಯ ಕಣ ಒಳಗಿನಿಂದ ದಾಟಿ ಬರುವುದು ಹೇಗೆ? ರುದರ್‌ಫೋರ್ಡ್ 1927ರಲ್ಲಿ ಇದಕ್ಕೊಂದು ಉಪಾಯ ಹೂಡಿದರು: ಆಲ್ಫಾ ಕಣ ಹೊರಡುವಾಗ ಎರಡು ಎಲೆಕ್ಟ್ರಾನ್‌ಗಳನ್ನು ಜೊತೆಗೆ ಕರೆದುಕೊಂಡು ವಿದ್ಯುತ್ತೇ ಇಲ್ಲದ ಕಣವಾಗಿ ತಡೆ ದಾಟುತ್ತದೆ, ಆಮೇಲೆ ಆ ಎಲೆಕ್ಟ್ರಾನ್‌ಗಳು ಕಳಚಿಕೊಂಡು ಹಿಂದಕ್ಕೆ ಬೀಳುತ್ತವೆ, ಎಂದು. ದೊಡ್ಡವರ ಊಹೆಯೇ ಆದರೂ ಅದು ತೇಪೆ ಹಾಕಿದ ಊಹೆ.

1928ರ ಬೇಸಿಗೆಯಲ್ಲಿ ಲೆನಿನ್‌ಗ್ರಾಡ್‌ನಿಂದ ಜರ್ಮನಿಯ ಗಟಿಂಗೆನ್‌ಗೆ ಬಂದ 24 ವರ್ಷದ ಜಾರ್ಜ್ ಗ್ಯಾಮೊ ಈ ತೊಡಕನ್ನು ಬಿಡಿಸಿದರು. ಅದೇ ವರ್ಷ ಪ್ರಿನ್ಸ್‌ಟನ್‌ನಲ್ಲಿ ಗರ್ನಿ ಮತ್ತು ಕಾಂಡನ್ ತಾವಾಗಿಯೇ ಅದೇ ಉತ್ತರಕ್ಕೆ ಬಂದರು. ಕಣ ತಡೆಯ ಮೇಲೆ ಹತ್ತಿ ಇಳಿಯುವುದಿಲ್ಲ, ಅದರೊಳಗೆ ತೂರಿಕೊಂಡು ಬರುತ್ತದೆ ಎಂಬುದು ಆ ಉತ್ತರ. ಇದನ್ನೇ ಕ್ವಾಂಟಂ ಟನಲಿಂಗ್ ಎನ್ನುತ್ತಾರೆ.

ತೂರುವುದೆಂದರೇನು? ಕ್ವಾಂಟಂ ಲೆಕ್ಕದಲ್ಲಿ ಕಣ ಎಲ್ಲಿ ಸಿಗಬಹುದು ಎಂಬುದನ್ನು ಹೇಳುವುದು ಒಂದು ಅಲೆ. ತಡೆಗೋಡೆಯೆಂದರೆ ಕಣದ ಬಳಿ ಇರುವ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ಬೇಡುವ ಜಾಗ. ಹಳೆಯ ಭೌತಶಾಸ್ತ್ರದ ಪ್ರಕಾರ ಕಣ ಅಲ್ಲಿಂದ ಹಿಂದಿರುಗಲೇಬೇಕು. ಅಲೆಯಾದರೋ ಗೋಡೆಯ ಮುಖದಲ್ಲಿ ಥಟ್ಟನೆ ಸೊನ್ನೆಯಾಗುವುದಿಲ್ಲ. ಒಳಗೂ ಹರಡಿ, ಮುಂದೆ ಹೋದಂತೆ ಸೊರಗುತ್ತಾ ಹೋಗುತ್ತದೆ. ಪೂರ್ತಿ ಸೊರಗುವ ಮೊದಲೇ ಗೋಡೆ ಮುಗಿದುಬಿಟ್ಟರೆ ಆಚೆ ಬದಿಯಲ್ಲಿ ಸಣ್ಣದೊಂದು ಅಲೆ ಮತ್ತೆ ಮುಂದುವರಿಯುತ್ತದೆ. ಆ ಸಣ್ಣ ಅಲೆಯೇ ಕಣ ಆಚೆ ಸಿಗುವ ಸಾಧ್ಯತೆ. ಕಣ ಒಂದು ಗಳಿಗೆಗೆ ಎಲ್ಲಿಂದಲೋ ಶಕ್ತಿಯನ್ನು ಸಾಲ ತಂದು ಗೋಡೆ ಹಾರಿ, ಆಮೇಲೆ ತೀರಿಸುತ್ತದೆ ಎಂಬ ವಿವರಣೆ ಜನಪ್ರಿಯ ಬರಹಗಳಲ್ಲಿ ಪದೇ ಪದೇ ಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಲೆಕ್ಕದಲ್ಲಿ ಎಲ್ಲಿಯೂ ಸಾಲವಿಲ್ಲ. ಒಟ್ಟು ಶಕ್ತಿ ಮೊದಲಿನಿಂದ ಕೊನೆಯವರೆಗೆ ಒಂದೇ.

ಈಗ ದಪ್ಪದ ವಿಷಯ. ದೀಪದ ಮೇಲೆ ಪಂಚೆ ಹೊದಿಸಿದ್ದೀರಿ ಎನ್ನಿ. ಒಂದು ಮಡಿಕೆ ಬೆಳಕಿನ ಹತ್ತರಲ್ಲಿ ಒಂದು ಪಾಲನ್ನಷ್ಟೇ ಬಿಟ್ಟರೆ, ಎರಡು ಮಡಿಕೆ ನೂರರಲ್ಲಿ ಒಂದನ್ನು, ಮೂರು ಮಡಿಕೆ ಸಾವಿರದಲ್ಲಿ ಒಂದನ್ನು ಬಿಡುತ್ತವೆ. ಮಡಿಕೆಗಳು ಕೂಡುತ್ತಾ ಹೋದರೆ ಬೆಳಕು ಭಾಗವಾಗುತ್ತಾ ಹೋಗುತ್ತದೆ. ಟನಲಿಂಗ್‌ನ ನಿಯಮವೂ ಇಂಥದ್ದೇ. ಮೇಲ್ಭಾಗ ಸಮತಟ್ಟಾಗಿರುವ ಗೋಡೆಗೆ ಅದನ್ನು ಹೀಗೆ ಬರೆಯುತ್ತಾರೆ:

T ≈ e^(−2κd), κ = √(2m(V−E))/ħ

T ಎಂದರೆ ತೂರುವ ಸಾಧ್ಯತೆ, d ಗೋಡೆಯ ದಪ್ಪ, m ಕಣದ ದ್ರವ್ಯರಾಶಿ, V−E ಎಂದರೆ ಗೋಡೆಯ ಎತ್ತರಕ್ಕೆ ಕಣದ ಶಕ್ತಿ ಎಷ್ಟು ಸಾಲದು ಎಂಬುದು, ħ ಪ್ಲಾಂಕ್‌ನ ಸ್ಥಿರಾಂಕದಿಂದ ಬಂದ ಸಂಖ್ಯೆ. ಎತ್ತರ ಮತ್ತು ದ್ರವ್ಯರಾಶಿಗಳು ವರ್ಗಮೂಲದ ಒಳಗಿವೆ, ದಪ್ಪ ಹೊರಗಿದೆ. ಎತ್ತರವನ್ನು ಇಮ್ಮಡಿಗೊಳಿಸಿದರೆ ಘಾತ 1.4 ಪಟ್ಟು ಬೆಳೆಯುತ್ತದೆ. ದಪ್ಪವನ್ನು ಇಮ್ಮಡಿಗೊಳಿಸಿದರೆ ಘಾತವೂ ಇಮ್ಮಡಿಯಾಗುತ್ತದೆ.

ಎರಡು ಲೋಹಗಳ ನಡುವೆ ನಿರ್ವಾತದ ಸಣ್ಣ ಸಂದು ಇದೆ, ಎಲೆಕ್ಟ್ರಾನ್‌ಗೆ ಗೋಡೆಯ ಎತ್ತರ 4 ಎಲೆಕ್ಟ್ರಾನ್ ವೋಲ್ಟ್ ಎಂದಿಟ್ಟುಕೊಳ್ಳಿ. ಸಂದು ಅರ್ಧ ನ್ಯಾನೊಮೀಟರ್ ಇದ್ದರೆ ಲಕ್ಷ ಎಲೆಕ್ಟ್ರಾನ್ ಬಂದು ಬಡಿದಾಗ ಮೂರೋ ನಾಲ್ಕೋ ಆಚೆ ಹೋಗುತ್ತವೆ. ಸಂದು ಒಂದು ನ್ಯಾನೊಮೀಟರ್ ಆದರೆ ನೂರು ಕೋಟಿಗೆ ಒಂದು. ಎರಡು ನ್ಯಾನೊಮೀಟರ್ ಆದರೆ ಒಂದರ ಮುಂದೆ 18 ಸೊನ್ನೆಯಷ್ಟು ಎಲೆಕ್ಟ್ರಾನ್ ಬಡಿದರೆ ಒಂದೆರಡು. ಪರಮಾಣುವಿನ ವ್ಯಾಸಕ್ಕಿಂತಲೂ ಕಡಿಮೆಯಾದ 0.1 ನ್ಯಾನೊಮೀಟರ್‌ನಷ್ಟು ಸಂದು ಹೆಚ್ಚಿದರೆ ಸಾಕು, ವಿದ್ಯುತ್ತು ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಕಟ್ಟಿದ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕ ನಿಂತಿರುವುದು ಈ ಒಂದು ಅಂಶದ ಮೇಲೆ. ಅದರ ಲೋಹದ ಮೊನೆ ಎಷ್ಟೇ ಒರಟಾಗಿದ್ದರೂ ತುತ್ತತುದಿಯ ಒಂದು ಪರಮಾಣು ಉಳಿದವುಗಳಿಗಿಂತ ಕೊಂಚ ಮುಂದಿದ್ದರೆ ಬಹುಪಾಲು ವಿದ್ಯುತ್ತು ಅದರ ಮೂಲಕವೇ ಹರಿಯುತ್ತದೆ. ಅದಕ್ಕಾಗಿಯೇ ಆ ಉಪಕರಣಕ್ಕೆ ಪರಮಾಣುಗಳು ಒಂದೊಂದಾಗಿ ಕಾಣುತ್ತವೆ.

ಮತ್ತೆ ನ್ಯೂಕ್ಲಿಯಸ್‌ಗೆ ಬರೋಣ. ಇಲ್ಲಿ ಗೋಡೆಯ ಮೇಲ್ಭಾಗ ಸಮತಟ್ಟಲ್ಲ. ಒಳಬದಿಯಲ್ಲಿ ಕಡಿದಾಗಿದೆ, ಹೊರಬದಿಯಲ್ಲಿ ವಿದ್ಯುತ್ ವಿಕರ್ಷಣೆ ದೂರ ಹೋದಂತೆ ತಗ್ಗುವುದರಿಂದ ಉದ್ದನೆಯ ಇಳಿಜಾರಾಗಿದೆ. ಇಂಥ ಗೋಡೆಗೆ ಸ್ಥಿರವಾದ ದಪ್ಪ ಎಂಬುದೇ ಇಲ್ಲ. ಎಷ್ಟು ಎತ್ತರದಲ್ಲಿ ಅಡ್ಡ ಸೀಳುತ್ತೀರಿ ಎಂಬುದರ ಮೇಲೆ ದಪ್ಪ ನಿಂತಿದೆ. ಕಣದ ಶಕ್ತಿ ಹೆಚ್ಚಿದ್ದರೆ ಅದು ಮೇಲೆ, ಗೋಡೆ ತೆಳುವಾಗಿರುವ ಕಡೆ, ತೂರುತ್ತದೆ. ಶಕ್ತಿ ಕಡಿಮೆಯಿದ್ದರೆ ಬುಡದ ದಪ್ಪವನ್ನೆಲ್ಲ ತೂರಬೇಕು.

ಈ ದಪ್ಪವನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಪೊಲೋನಿಯಂನಿಂದ ಆಲ್ಫಾ ಹೊರಟ ಮೇಲೆ ಉಳಿಯುವುದು 82 ಪ್ರೋಟಾನ್‌ಗಳ ಸೀಸ. ದೂರವನ್ನು ಫೆಮ್ಟೊಮೀಟರ್‌ನಲ್ಲಿ, ಅಂದರೆ ನ್ಯಾನೊಮೀಟರ್‌ನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ, ಅಳೆದರೆ ಇವೆರಡರ ನಡುವಿನ ವಿಕರ್ಷಣೆಯ ಶಕ್ತಿ 2362 ಲಕ್ಷವನ್ನು ದೂರದಿಂದ ಭಾಗಿಸಿದಷ್ಟು ಎಲೆಕ್ಟ್ರಾನ್ ವೋಲ್ಟ್. ಸುಮಾರು 9 ಫೆಮ್ಟೊಮೀಟರ್‌ನಲ್ಲಿ ನ್ಯೂಕ್ಲಿಯಸ್‌ನ ಅಂಚು. ಅಲ್ಲಿ ಗೋಡೆಯ ಎತ್ತರ 262 ಲಕ್ಷ. ಕಣದ ಬಳಿ ಇರುವುದು 89.5 ಲಕ್ಷ ಮಾತ್ರ. 2362ನ್ನು 89.5ರಿಂದ ಭಾಗಿಸಿದರೆ 26.4. ಅಷ್ಟು ದೂರಕ್ಕೆ ಬಂದರೆ ಕಣ ಗೋಡೆಯಿಂದ ಹೊರಗೆ. ಎಂದರೆ ಅದು ತೂರಬೇಕಾದ ದಪ್ಪ ಸುಮಾರು 17 ಫೆಮ್ಟೊಮೀಟರ್. ಥೋರಿಯಂನಲ್ಲಿ ಉಳಿಯುವುದು 88 ಪ್ರೋಟಾನ್‌ಗಳ ರೇಡಿಯಂ, ಹಾಗಾಗಿ 2362ರ ಬದಲು 2534. ಗೋಡೆಯ ಎತ್ತರ 274 ಲಕ್ಷ, ಪೊಲೋನಿಯಂಗಿಂತ ತುಸುವೇ ಹೆಚ್ಚು. ಆದರೆ 2534ನ್ನು 40.8ರಿಂದ ಭಾಗಿಸಿದರೆ 62 ಬರುತ್ತದೆ. ಅಂಚಿನ 9 ಕಳೆದರೆ ದಪ್ಪ 53 ಫೆಮ್ಟೊಮೀಟರ್.

ದಪ್ಪ ಮೂರು ಪಟ್ಟಾಯಿತು. ಇಳಿಜಾರನ್ನು ಸಣ್ಣ ಸಣ್ಣ ತುಂಡು ಮಾಡಿ ಮೇಲಿನ ಸೂತ್ರವನ್ನೇ ತುಂಡು ತುಂಡಿಗೂ ಹಚ್ಚಿ ಕೂಡಿಸಿದರೆ, ಪೊಲೋನಿಯಂನಲ್ಲಿ ತೂರುವ ಸಾಧ್ಯತೆ 10ರ ಘಾತ −14ರ ಆಸುಪಾಸು ಬರುತ್ತದೆ, ಥೋರಿಯಂನಲ್ಲಿ 10ರ ಘಾತ −39ರ ಆಸುಪಾಸು. ನ್ಯೂಕ್ಲಿಯಸ್‌ನೊಳಗೆ ಆಲ್ಫಾ ಕಣ ಅತ್ತಿತ್ತ ಓಡಾಡುತ್ತಾ ಸೆಕೆಂಡಿಗೆ ಸುಮಾರು 10ರ ಘಾತ 21 ಸಲ ಗೋಡೆಗೆ ಬಡಿಯುತ್ತದೆಂದು ಎಣಿಸಿದರೆ ಪೊಲೋನಿಯಂನ ಅರ್ಧಾಯು 0.1 ಮೈಕ್ರೊಸೆಕೆಂಡ್‌ನ ಹತ್ತಿರ ಬರುತ್ತದೆ, ಅಳತೆಯಲ್ಲಿ ಸಿಕ್ಕಿದ್ದು 0.3. ಥೋರಿಯಂಗೆ 1100 ಕೋಟಿ ವರ್ಷದ ಹತ್ತಿರ ಬರುತ್ತದೆ, ಅಳತೆ 1400 ಕೋಟಿ. ಇಷ್ಟು ಹತ್ತಿರ ಬಂದಿರುವುದರಲ್ಲಿ ಅದೃಷ್ಟದ ಪಾಲೂ ಇದೆ ಎನ್ನಬೇಕು. ನ್ಯೂಕ್ಲಿಯಸ್‌ನ ಅಂಚನ್ನು ಅರ್ಧ ಫೆಮ್ಟೊಮೀಟರ್ ಹೊರಗೆ ಸರಿಸಿ ಲೆಕ್ಕ ಹಾಕಿದರೆ ಥೋರಿಯಂನ ಆಯುಷ್ಯ ಎಂಟನೆಯ ಒಂದಂಶಕ್ಕೆ ಇಳಿದುಬಿಡುತ್ತದೆ. ಆಲ್ಫಾ ಕಣ ಒಳಗೆ ಮೊದಲೇ ಗಂಟು ಕಟ್ಟಿ ಕುಳಿತಿರುತ್ತದೆ ಎಂಬ ಎಣಿಕೆಯೂ ಪೂರ್ತಿ ನಿಜವಲ್ಲ. ಪ್ರೋಟಾನ್ ಅಥವಾ ನ್ಯೂಟ್ರಾನ್ ಸಂಖ್ಯೆ ಬೆಸವಾಗಿರುವ ನ್ಯೂಕ್ಲಿಯಸ್‌ಗಳು ಈ ಲೆಕ್ಕಕ್ಕಿಂತ ಹಲವು ಪಟ್ಟು ನಿಧಾನ. ಆದರೂ 24 ಸೊನ್ನೆಗಳ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಅದನ್ನು ಸೋಲು ಎನ್ನಲಾಗದು.

1400 ಕೋಟಿ ವರ್ಷವನ್ನು ಅಳೆದವರು ಯಾರು ಎಂದು ಕೇಳುವವರಿದ್ದಾರೆ. ಯಾರೂ ಕಾದು ಕುಳಿತಿಲ್ಲ. ಒಂದು ಗ್ರಾಂ ಥೋರಿಯಂನಲ್ಲಿ ಪರಮಾಣುಗಳು ಎಷ್ಟಿವೆಯೆಂದರೆ, ಅದರ ನಿಧಾನಗತಿಯಲ್ಲೂ ಸೆಕೆಂಡಿಗೆ ಸುಮಾರು 4000 ಆಲ್ಫಾ ಕಣಗಳು ಹೊರಬರುತ್ತವೆ. ಅವನ್ನು ಎಣಿಸಿದರೆ ಸಾಕು. ಪೊಲೋನಿಯಂಗೆ ಬೇರೆ ಉಪಾಯ. ಅದರ ತಾಯಿಯಾದ ಬಿಸ್ಮತ್ ಬೀಟಾ ಕಣವನ್ನು ಬಿಟ್ಟ ಗಳಿಗೆಗೆ ಒಂದು ಸಂಕೇತ, ಪೊಲೋನಿಯಂ ಆಲ್ಫಾ ಬಿಟ್ಟ ಗಳಿಗೆಗೆ ಇನ್ನೊಂದು; ಎರಡರ ನಡುವಿನ ಅಂತರವನ್ನು ಮತ್ತೆ ಮತ್ತೆ ಅಳೆಯುತ್ತಾರೆ.

ಇದೆಲ್ಲ ತೂರುವುದೇ ಹೊರತು ಹಾರುವುದಲ್ಲ ಎಂದು ಹೇಗೆ ನಂಬುವುದು? ಬಿಸಿ ಮಾಡಿ ನೋಡಬೇಕು. ಉಷ್ಣದ ಬಲದಿಂದ ಗೋಡೆ ಹಾರುವುದಾದರೆ ಉಷ್ಣತೆ ಏರಿದಂತೆ ಹಾರುವ ಕಣಗಳ ಸಂಖ್ಯೆ ವಿಪರೀತ ಹೆಚ್ಚಬೇಕು. ಥೋರಿಯಂನ್ನು ಕುಲುಮೆಯಲ್ಲಿ ಇಟ್ಟರೂ ಹಿಮದಲ್ಲಿ ಇಟ್ಟರೂ ಅದರ ಅರ್ಧಾಯು ಬದಲಾಗುವುದಿಲ್ಲ. ತೆಳು ಪದರದ ಮೂಲಕ ಹರಿಯುವ ಟನಲಿಂಗ್ ವಿದ್ಯುತ್ತೂ ಉಷ್ಣತೆಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಚಿಪ್ ತಯಾರಿಕೆಯವರು ಒಂದು ಸೋರಿಕೆ ಯಾವ ಬಗೆಯದೆಂದು ತಿಳಿಯಲು ಇಂದಿಗೂ ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು.

ಚಿಪ್‌ನವರಿಗೆ ಈ ಸೋರಿಕೆ ಬಹುಕಾಲ ತಲೆನೋವಾಗಿತ್ತು. ಟ್ರಾನ್ಸಿಸ್ಟರ್‌ನ ಗೇಟ್‌ಗೂ ಸಿಲಿಕಾನ್‌ಗೂ ನಡುವೆ ಸಿಲಿಕಾನ್ ಡೈಆಕ್ಸೈಡ್‌ನ ನಿರೋಧಕ ಪದರವಿರುತ್ತದೆ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಈ ಪದರವನ್ನೂ ತೆಳುವಾಗಿಸುತ್ತಾ ಬಂದರು. ಈ ಪದರದಲ್ಲಿ ದಪ್ಪ 0.2 ನ್ಯಾನೊಮೀಟರ್ ಕಡಿಮೆಯಾದರೆ ಸೋರಿಕೆ ಹತ್ತು ಪಟ್ಟಾಗುತ್ತದೆ. ಎರಡು ನ್ಯಾನೊಮೀಟರ್‌ನಿಂದ 1.2ಕ್ಕೆ ಇಳಿಸಿದರೆ ಹತ್ತು ಸಾವಿರ ಪಟ್ಟು. ಈ ಶತಮಾನದ ಮೊದಲ ದಶಕದಲ್ಲಿ ಪದರ 1.2 ನ್ಯಾನೊಮೀಟರ್‌ಗೆ, ಎಂದರೆ ಐದಾರು ಪರಮಾಣುಗಳ ದಪ್ಪಕ್ಕೆ ಬಂದು ಮುಟ್ಟಿತ್ತು. 2007ರಲ್ಲಿ ಇಂಟೆಲ್ ಅದರ ಬದಲು ಹಾಫ್ನಿಯಂ ಆಧರಿಸಿದ ಪದರ ತಂದಿತು. ಆ ವಸ್ತುವಿನ ಮೂಲಕ ಗೇಟ್‌ನ ಪ್ರಭಾವ ಹೆಚ್ಚು ಚೆನ್ನಾಗಿ ಹಾಯುವುದರಿಂದ ಪದರವನ್ನು ದಪ್ಪಗಿಟ್ಟರೂ ಟ್ರಾನ್ಸಿಸ್ಟರ್‌ನ ಕೆಲಸ ಕೆಡುವುದಿಲ್ಲ. ಗೋಡೆಯನ್ನು ಮತ್ತೆ ದಪ್ಪ ಮಾಡುವುದೊಂದೇ ದಾರಿಯಾಗಿತ್ತು.

ಇದಕ್ಕಿಂತ ಸೊಗಸಾದ ಕತೆ ಪೆನ್‌ಡ್ರೈವ್‌ನದು. ಅಲ್ಲಿ ಟನಲಿಂಗ್ ಶತ್ರುವಲ್ಲ, ಕೆಲಸಗಾರ. ಫ್ಲಾಶ್ ಮೆಮೊರಿಯ ಒಂದೊಂದು ಕೋಶದಲ್ಲೂ ಸುತ್ತ ನಿರೋಧಕದಿಂದ ಆವರಿಸಿದ ಸಣ್ಣದೊಂದು ದ್ವೀಪವಿದೆ. ಅದರಲ್ಲಿ ಎಲೆಕ್ಟ್ರಾನ್‌ಗಳಿವೆಯೇ ಇಲ್ಲವೇ ಎಂಬುದೇ ಅಲ್ಲಿ ಬರೆದಿಟ್ಟ ಮಾಹಿತಿ. ಬರೆಯುವಾಗ ಎಲೆಕ್ಟ್ರಾನ್‌ಗಳು ಕ್ಷಣದಲ್ಲಿ ಒಳಹೋಗಬೇಕು, ಆಮೇಲೆ ವರ್ಷಗಟ್ಟಲೆ ಹೊರಬರಬಾರದು. ಬಾಗಿಲಿಲ್ಲದ ಒಂದೇ ಗೋಡೆ ಎರಡೂ ಕೆಲಸ ಮಾಡುವುದು ಹೇಗೆ? ಥೋರಿಯಂ ಮತ್ತು ಪೊಲೋನಿಯಂ ನಡುವಿನ ವ್ಯತ್ಯಾಸವನ್ನೇ ಇಲ್ಲಿ ಬೇಕೆಂದೇ ಉಂಟುಮಾಡುತ್ತಾರೆ.

ದ್ವೀಪಕ್ಕೂ ಸಿಲಿಕಾನ್‌ಗೂ ನಡುವಿನ ಆಕ್ಸೈಡ್ ಪದರ ಸುಮಾರು 8 ನ್ಯಾನೊಮೀಟರ್, ಎಲೆಕ್ಟ್ರಾನ್‌ಗೆ ಗೋಡೆಯ ಎತ್ತರ ಸುಮಾರು 3.1 ಎಲೆಕ್ಟ್ರಾನ್ ವೋಲ್ಟ್. ಸುಮ್ಮನೆ ಬಿಟ್ಟರೆ ಎಲೆಕ್ಟ್ರಾನ್ ಇಡೀ 8 ನ್ಯಾನೊಮೀಟರ್ ತೂರಬೇಕು. ಸಾಧ್ಯತೆ 10ರ ಘಾತ −40ರ ಸುತ್ತಮುತ್ತ. ಬರೆಯುವಾಗ ಚಿಪ್‌ನೊಳಗೇ ಸುಮಾರು 20 ವೋಲ್ಟ್ ಹುಟ್ಟಿಸಿ ಮೇಲಿನ ಗೇಟ್‌ಗೆ ಕೊಡುತ್ತಾರೆ. ಪದರದಲ್ಲಿ ಪ್ರತಿ ನ್ಯಾನೊಮೀಟರ್‌ಗೆ ಒಂದು ವೋಲ್ಟ್ ಬೀಳುತ್ತದೆ ಎನ್ನಿ. ಆಗ ಗೋಡೆಯ ಮೇಲ್ಭಾಗ ಓರೆಯಾಗಿ, 3.1 ನ್ಯಾನೊಮೀಟರ್ ಹೋಗುವಷ್ಟರಲ್ಲೇ ಎಲೆಕ್ಟ್ರಾನ್‌ನ ಮಟ್ಟಕ್ಕೆ ಇಳಿದಿರುತ್ತದೆ. ಅಲ್ಲಿಂದಾಚೆ ಎಲೆಕ್ಟ್ರಾನ್‌ಗೆ ತಡೆಯೇ ಇಲ್ಲ. ಆಕ್ಸೈಡ್ ಮೊದಲಿದ್ದಷ್ಟೇ ದಪ್ಪವಿದೆ, ತೂರಬೇಕಾದ ಗೋಡೆ ಮಾತ್ರ 8ರಿಂದ 3ಕ್ಕೆ ಇಳಿಯಿತು. ಸಾಧ್ಯತೆ 10ರ ಘಾತ −10ರ ಆಸುಪಾಸಿಗೆ ಏರಿತು, ಎಂದರೆ ಒಂದರ ಮುಂದೆ 30 ಸೊನ್ನೆಯಷ್ಟು ಪಟ್ಟು. ಓರೆ ಗೋಡೆಯ ಈ ಬಗೆಯ ಟನಲಿಂಗನ್ನು ಫೌಲರ್ ಮತ್ತು ನಾರ್ಡ್‌ಹೈಮ್ ವಿವರಿಸಿದ್ದೂ ಗ್ಯಾಮೊನ ವರ್ಷವಾದ 1928ರಲ್ಲೇ.

ಹಾಗಾದರೆ ಪೆನ್‌ಡ್ರೈವ್ ಶಾಶ್ವತವಾಗಬೇಕಿತ್ತಲ್ಲ? ಆಗಿಲ್ಲ. ಬರೆಯುವಾಗ, ಅಳಿಸುವಾಗ ಜೋರಾಗಿ ನುಗ್ಗುವ ಎಲೆಕ್ಟ್ರಾನ್‌ಗಳು ಆಕ್ಸೈಡ್‌ನಲ್ಲಿ ಅಲ್ಲಲ್ಲಿ ಪರಮಾಣುಗಳ ಬಂಧ ಕಡಿದು ದೋಷಗಳನ್ನು ಉಳಿಸುತ್ತವೆ. ಗೋಡೆಯ ನಟ್ಟನಡುವೆ ಎಲೆಕ್ಟ್ರಾನ್ ತಂಗಬಹುದಾದ ಒಂದು ದೋಷವಿದ್ದರೆ 8 ನ್ಯಾನೊಮೀಟರ್‌ನ್ನು ಒಂದೇ ಸಲ ತೂರಬೇಕಾಗಿಲ್ಲ, ನಾಲ್ಕು ನಾಲ್ಕಾಗಿ ಎರಡು ಸಲ ತೂರಿದರಾಯಿತು. ನಿಯಮ ನೆನಪಿದ್ದರೆ ಇದರ ಪರಿಣಾಮ ಊಹಿಸಬಹುದು: ದಪ್ಪ ಅರ್ಧವಾದರೆ −40 ಇದ್ದ ಘಾತ −20 ಆಗುತ್ತದೆ. ಒಂದು ಪರಮಾಣುವಿನಷ್ಟು ಚಿಕ್ಕ ದೋಷ ಗೋಡೆಯನ್ನು ಹೀಗೆ ಹಾಳುಮಾಡಬಲ್ಲದು. ಪದರವನ್ನು ಏಳೆಂಟು ನ್ಯಾನೊಮೀಟರ್‌ಗಿಂತ ತೆಳುಮಾಡಲು ತಯಾರಕರು ಹಿಂಜರಿಯುವುದು ಈ ಕಾರಣಕ್ಕೇ. ಈಚಿನ ಬಹುಮಹಡಿ ಚಿಪ್‌ಗಳಲ್ಲಿ ದ್ವೀಪದ ಬದಲು ಸಿಲಿಕಾನ್ ನೈಟ್ರೈಡ್ ಎಂಬ ನಿರೋಧಕದಲ್ಲಿ ಎಲೆಕ್ಟ್ರಾನ್‌ಗಳನ್ನು ಸಿಕ್ಕಿಸಿಡುತ್ತಾರೆ. ಅಲ್ಲಿ ಅವು ಓಡಾಡಲಾರವು, ಆದ್ದರಿಂದ ಒಂದು ಕಡೆ ಗೋಡೆ ಸೋರಿದರೂ ಅದರ ಸಮೀಪದಲ್ಲಿದ್ದವು ಮಾತ್ರ ಹೋಗುತ್ತವೆ.

ದೋಷಗಳಿಂದ ಆಗುವ ಸೋರಿಕೆ ಶುದ್ಧ ಟನಲಿಂಗ್‌ನಂತಲ್ಲ, ಬಿಸಿಗೆ ಹೆಚ್ಚುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿದ್ದಿರುವ ಪೆನ್‌ಡ್ರೈವ್‌ಗೆ ಕಪಾಟಿನಲ್ಲಿರುವುದಕ್ಕಿಂತ ಕಡಿಮೆ ನೆನಪು. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಎಂಬ ಮಾನಕ ಸಂಸ್ಥೆ ಇಟ್ಟಿರುವ ಅಳತೆಗೋಲು ಇದು: ಬರೆಯುವ ಮಿತಿಯೆಲ್ಲ ಸವೆದ ಮೇಲೆ, ವಿದ್ಯುತ್ ಸಂಪರ್ಕವಿಲ್ಲದೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿದರೆ ಸಾಕು. ಹೊಸದರಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಯುತ್ತದೆ ನಿಜ. ಆದರೂ ಮದುವೆಯ ಫೋಟೊಗಳು, ಆಸ್ತಿಪತ್ರದ ಸ್ಕ್ಯಾನ್‌ಗಳು ಹತ್ತಾರು ವರ್ಷ ಹಳೆಯದಾದ, ನೂರಾರು ಸಲ ಬರೆದು ಅಳಿಸಿದ ಒಂದೇ ಪೆನ್‌ಡ್ರೈವ್‌ನಲ್ಲಿ ಇದ್ದರೆ ಈ ವಾರವೇ ಇನ್ನೊಂದು ಕಡೆಗೆ ನಕಲು ಮಾಡಿಟ್ಟುಕೊಳ್ಳಿ.